ಫೋಟೋದಲ್ಲಿ ಬಂದ ಒಎಂಆರ್ ಹಾಳೆ: ಮೈನಸ್ ಅಂಕವನ್ನು ಎಷ್ಟು ಕಟ್ಟುನಿಟ್ಟಾಗಿ ಹಾಕಬೇಕು?

ತುಂಗಾತೀರ (ತೀರ್ಥಹಳ್ಳಿ)

ಪಿಯು ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ನಾವು ಕೆಲವು ಉಪನ್ಯಾಸಕರು ಸೇರಿ ದ್ವಿತೀಯ ಪಿಯು ಮಕ್ಕಳಿಗೆ ಭಾನುವಾರ ಅಭ್ಯಾಸ ಪರೀಕ್ಷೆ ನಡೆಸುತ್ತೇವೆ. ಆಗುಂಬೆ, ಮೇಗರವಳ್ಳಿ, ಹೊಸನಗರದ ಒಳಹಳ್ಳಿಗಳ ಮಕ್ಕಳು ಜಡಿಮಳೆಯಲ್ಲಿ ಬರಲಾಗುವುದಿಲ್ಲ. ಹಾಗಾಗಿ ಖಾಲಿ ಒಎಂಆರ್ ಹಾಳೆಯ ಜೆರಾಕ್ಸ್ ಪ್ರತಿಗಳನ್ನು ಮೊದಲೇ ಕೊಟ್ಟಿರುತ್ತೇವೆ. ಪ್ರಶ್ನೆಪತ್ರಿಕೆ ಬೆಳಿಗ್ಗೆ ಮೊಬೈಲಿಗೆ ಹೋಗುತ್ತದೆ, ಮಕ್ಕಳು ವೃತ್ತ ತುಂಬಿ ಫೋಟೋ ತೆಗೆದು ಕಳಿಸುತ್ತಾರೆ, ನಾವು ಕಣ್ಣಿನಲ್ಲೇ ನೋಡಿ ಅಂಕ ಹಾಕುತ್ತೇವೆ.

50 ಪ್ರಶ್ನೆಗಳು, 200 ಅಂಕ. ಮೊದಲ 40ಕ್ಕೆ ನೀಟ್ ಕ್ರಮ: ಸರಿಯಾದರೆ 4, ತಪ್ಪಾದರೆ −1, ಖಾಲಿ ಬಿಟ್ಟರೆ 0. ಕೊನೆಯ 10 ಪ್ರಶ್ನೆಗಳಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು, ಅವಕ್ಕೆ ಜೆಇಇ ಅಡ್ವಾನ್ಸ್ಡ್ ಮಾದರಿಯ ಭಾಗಶಃ ಅಂಕ. ಎಲ್ಲ ಸರಿಯುತ್ತರಗಳನ್ನೂ ಗುರುತಿಸಿದರೆ 4. ಎಲ್ಲವನ್ನೂ ಗುರುತಿಸದೆ, ಗುರುತಿಸಿದ್ದೆಲ್ಲ ಸರಿಯಾಗಿದ್ದರೆ ಒಂದೊಂದಕ್ಕೆ ಒಂದು ಅಂಕ. ಒಂದೇ ಒಂದು ತಪ್ಪು ಆಯ್ಕೆ ಸೇರಿದರೂ −2.

ಈ ವಾರದ ಒಂದು ಹಾಳೆಯ ಮೇಲೆ ನಾವೇ ಇಬ್ಬರು ಜಗಳವಾಡಿಕೊಂಡಿದ್ದೇವೆ. ಮೊದಲ ಭಾಗದಲ್ಲಿ 27 ಸರಿ, 8 ತಪ್ಪು, 3 ಖಾಲಿ, 2 ಅನುಮಾನ. ಎರಡನೆಯ ಭಾಗದಲ್ಲಿ ನಾಲ್ಕಕ್ಕೆ ಪೂರ್ಣ ಅಂಕ, ಒಂದಕ್ಕೆ 2, ಒಂದಕ್ಕೆ 1, ಎರಡು ತಪ್ಪು, ಒಂದು ಖಾಲಿ, ಒಂದು ಅನುಮಾನ.

ಅನುಮಾನದವು ಇವು. 17ನೇ ಪ್ರಶ್ನೆಯಲ್ಲಿ ‘ಬಿ’ ವೃತ್ತ ಪೂರ್ತಿ ತುಂಬಿದೆ, ಅದರ ಮೇಲೆ ಅಡ್ಡಗೆರೆ ಎಳೆದು ‘ಸಿ’ಯನ್ನೂ ತುಂಬಿದ್ದಾನೆ. 31ರಲ್ಲಿ ಹಾಳೆ ಹಿಡಿದ ಹೆಬ್ಬೆರಳಿನ ನೆರಳು ‘ಸಿ’, ‘ಡಿ’ ಎರಡರ ಮೇಲೂ ಬಿದ್ದಿದೆ, ಯಾವುದು ಶಾಯಿ ಯಾವುದು ನೆರಳು ತಿಳಿಯುತ್ತಿಲ್ಲ. 46ರಲ್ಲಿ ಸರಿಯುತ್ತರಗಳು ‘ಎ’, ‘ಸಿ’, ‘ಡಿ’. ಅವನು ‘ಎ’, ‘ಡಿ’ ತುಂಬಿದ್ದಾನೆ, ‘ಸಿ’ಯಲ್ಲಿ ಪೆನ್ನಿನ ಸಣ್ಣ ಚುಕ್ಕೆಯಿದೆ. ಎಷ್ಟು ಬಿಗಿಯಾಗಿರಬೇಕು?

ಹಳೇ ಮೇಷ್ಟ್ರು

ಇದರಲ್ಲಿ ಚರ್ಚೆಗೆ ಏನೂ ಇಲ್ಲ. 17ಕ್ಕೆ −1, 31ಕ್ಕೆ −1, 46ಕ್ಕೆ 2. ಅಸಲಿ ಪರೀಕ್ಷೆಯಲ್ಲಿ ಯಂತ್ರಕ್ಕೆ ಕರುಣೆ ಇರುವುದಿಲ್ಲ. ಎರಡು ವೃತ್ತ ತುಂಬಿದರೆ ತಪ್ಪುತ್ತರ ಎಂದೇ ಲೆಕ್ಕ. ಅನುಮಾನ ಬರುವಂತೆ ಹಾಳೆ ಕಳಿಸಿದ್ದೇ ಅವನ ತಪ್ಪು, ಆ ಪೆಟ್ಟು ಈಗಲೇ ತಿನ್ನಲಿ. ಮೈನಸ್ ಅಂಕ ಇರುವುದೇ ಕಣ್ಣುಮುಚ್ಚಿ ತುಂಬುವವರಿಗೆ ಏನೂ ಸಿಗದಿರಲಿ ಎಂದು. ನಾಲ್ಕಕ್ಕೆ ಒಂದು ಕಳೆದರೆ ಊಹೆಯ ಲಾಭ ಸೊನ್ನೆಯಾಗುತ್ತದೆ. ಅದನ್ನು ಸಡಿಲ ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಅಡಿಕೆತೋಟ

ಸಿಇಟಿಯಲ್ಲಿ ಮೈನಸ್ ಅಂಕವೇ ಇಲ್ಲವಲ್ಲ? ವಿಷಯಕ್ಕೆ 60 ಪ್ರಶ್ನೆ, 60 ಅಂಕ, ತಪ್ಪಾದರೆ ಕಳೆಯುವ ಮಾತಿಲ್ಲ. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಬರೆಯುವುದು ಅದನ್ನೇ. ಈ ತಲೆನೋವು ಯಾಕೆ ಬೇಕು? ತೆಗೆದುಹಾಕಿ.

ತುಂಗಾತೀರ (ತೀರ್ಥಹಳ್ಳಿ)

ಸಿಇಟಿಗೆ ಬೇರೆ ಪರೀಕ್ಷೆ ಮಾಡುತ್ತೇವೆ ಸರ್, ಅಲ್ಲಿ ಕಳೆಯುವುದಿಲ್ಲ. ಮೈನಸ್ ಇರಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಇದೆ ಎಂದಾದ ಮೇಲೆ ಫೋಟೋ ಸ್ಪಷ್ಟವಿಲ್ಲದ ಕಡೆ ಏನು ಮಾಡಬೇಕು ಎಂಬುದು ಪ್ರಶ್ನೆ.

ಮೌಲ್ಯಮಾಪಕಿ (ಶಿವಮೊಗ್ಗ)

ಮೇಷ್ಟ್ರೇ, ಮೊದಲು ನಿಮ್ಮ ಲೆಕ್ಕ ನೋಡೋಣ. ನಾಲ್ಕು ಆಯ್ಕೆಗಳಿರುವ 4 ಪ್ರಶ್ನೆಗಳಿಗೆ ಒಬ್ಬ ಕಣ್ಣುಮುಚ್ಚಿ ತುಂಬುತ್ತಾನೆ ಎಂದುಕೊಳ್ಳಿ. ಸರಾಸರಿ ಒಂದು ಸರಿಯಾಗುತ್ತದೆ, 4 ಅಂಕ. ಮೂರು ತಪ್ಪಾಗುತ್ತವೆ, −3. ಕೈಯಲ್ಲಿ 1 ಉಳಿಯಿತು. ಸೊನ್ನೆಯಾಗಬೇಕಾದರೆ ತಪ್ಪಿಗೆ ಸರಿಯುತ್ತರದ ಮೂರನೇ ಒಂದು ಭಾಗ ಕಳೆಯಬೇಕು. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಹಾಗೆ ಕಳೆಯುತ್ತಾರೆ. ನೀಟ್‌ನಲ್ಲೂ ಕೆಎಎಸ್ ಪೂರ್ವಭಾವಿಯಲ್ಲೂ ಕಳೆಯುವುದು ನಾಲ್ಕನೇ ಒಂದು ಭಾಗ. ಅಲ್ಲಿ ಊಹೆಗೆ ಚೂರು ಲಾಭ ಉಳಿದೇ ಇರುತ್ತದೆ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದವನಿಗಂತೂ ಲಾಭ ಚೆನ್ನಾಗಿಯೇ ಇದೆ.

ಈಗ ಹಾಳೆಗೆ ಬರೋಣ. ನೀವು ಮೂರು ಅನುಮಾನಗಳನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ, ಅವು ಮೂರೂ ಬೇರೆ ಬೇರೆ. 17ರ ಗೊಂದಲ ಹಾಳೆಯ ಮೇಲೆಯೇ ಇದೆ, ಹಾಳೆಯನ್ನು ಕೈಗೆ ತಂದುಕೊಟ್ಟರೂ ಅದು ಹಾಗೆಯೇ ಇರುತ್ತದೆ. ಅಲ್ಲಿ ನಿಮ್ಮ ಮಾತು ಸರಿ. ಬಾಲ್‌ಪೆನ್ನಿನಲ್ಲಿ ತುಂಬಿದ್ದನ್ನು ಹಿಂದೆಗೆದುಕೊಳ್ಳುವ ದಾರಿಯೇ ಇಲ್ಲ ಎಂಬುದನ್ನು ಹುಡುಗ ಕಲಿಯಬೇಕು, −1. 31ರ ಗೊಂದಲ ಹಾಳೆಯಲ್ಲಿಲ್ಲ, ಫೋಟೋದಲ್ಲಿದೆ. ಅವನು ಅಲ್ಲಿ ಒಂದೇ ವೃತ್ತವನ್ನು ಚೆಂದವಾಗಿ ತುಂಬಿರಬಹುದು, ಏನೂ ತುಂಬದೆಯೂ ಇರಬಹುದು. ಮೈನಸ್ ಅಂಕವೆಂದರೆ ‘ನೀನು ಒಂದು ತಪ್ಪುತ್ತರ ಕೊಟ್ಟೆ’ ಎಂದು ಹೇಳಿದಂತೆ. ಅವನು ಏನು ಕೊಟ್ಟ ಎಂಬುದೇ ಕಾಣದಿರುವಾಗ ಹಾಗೆ ಹೇಳಲು ಬರುವುದಿಲ್ಲ. ಇನ್ನೊಂದು ಫೋಟೋ ತರಿಸಿ. ಬರದಿದ್ದರೆ ಸೊನ್ನೆ. ಕೊಡುವುದೂ ಬೇಡ, ಕಳೆಯುವುದೂ ಬೇಡ.

46ರದು ಕಷ್ಟದ್ದು, ರಾತ್ರಿ ಬರೆಯುತ್ತೇನೆ.

ಹೊಸನಗರದ ತಂದೆ

ನನ್ನ ಮಗಳಿಗೂ ಇದೇ ಆಯಿತು, ಬೇರೊಂದು ಕೋಚಿಂಗಿನವರ ಪರೀಕ್ಷೆಯಲ್ಲಿ. ಹಾಳೆಯ ಕೆಳಗಿನ ಎರಡು ಸಾಲು ಫೋಟೋದಲ್ಲಿ ಬಂದಿರಲಿಲ್ಲ. ಎರಡಕ್ಕೂ ಕಳೆದಿದ್ದರು! ಕೇಳಿದರೆ ‘ನಿಯಮ’ ಎಂದರು. ನಮ್ಮಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ, ಮೋಡ ಮುಸುಕಿದರೆ ಮಧ್ಯಾಹ್ನವೂ ಒಳಗೆ ಕತ್ತಲೆ. ಅವಳು ಟಾರ್ಚ್ ಹಿಡಿದು ಫೋಟೋ ತೆಗೆದಿದ್ದಳು. ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ರಸ್ತೆಗೆ ಹೋದರೆ ಮಾತ್ರ. ಮತ್ತೊಂದು ಫೋಟೋ ಕಳಿಸಿ ಎಂಬ ಸಂದೇಶ ತಲುಪುವಾಗಲೇ ಸಂಜೆಯಾಗಿರುತ್ತದೆ. ನಮ್ಮಂಥವರಿಗೆ ಏನು ಮಾಡುತ್ತೀರಿ?

ಮೌಲ್ಯಮಾಪಕಿ (ಶಿವಮೊಗ್ಗ)

ಫೋಟೋದಲ್ಲಿ ಇಲ್ಲದ ಸಾಲಿಗೆ ಕಳೆಯುವುದನ್ನು ಯಾವ ನಿಯಮವೂ ಒಪ್ಪುವುದಿಲ್ಲ. ಕಾಣದ ಸಾಲನ್ನು ಹೆಚ್ಚೆಂದರೆ ಖಾಲಿ ಎನ್ನಬಹುದು.

46ಕ್ಕೆ ಬರುತ್ತೇನೆ. ಭಾಗಶಃ ಅಂಕದ ಈ ಕ್ರಮವನ್ನು ನೀವು ಜೆಇಇ ಅಡ್ವಾನ್ಸ್ಡ್‌ನಿಂದ ತಂದಿದ್ದೀರಿ. 2018ರಿಂದ ಆ ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ. ಪರದೆಯ ಮೇಲೆ ಒಂದು ಆಯ್ಕೆ ಒತ್ತಿದೆ ಅಥವಾ ಒತ್ತಿಲ್ಲ, ಅರ್ಧ ಒತ್ತಿದ್ದು ಎಂಬುದೇ ಇಲ್ಲ. ನೀವು ಅದನ್ನು ಕಾಗದಕ್ಕೆ ಇಳಿಸಿದಿರಿ, ಚುಕ್ಕೆಯ ಸಮಸ್ಯೆ ಜೊತೆಗೇ ಬಂತು.

ನಿಮ್ಮ ಜೊತೆಯವರು ‘ಚುಕ್ಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ, ಹುಡುಗನಿಗೆ ಉದಾರವಾಗಿರೋಣ’ ಎಂದಿರಬೇಕು. ಈ ಹುಡುಗನಿಗೆ ಅದು ಉದಾರವೇ, 2 ಇದ್ದದ್ದು 4 ಆಗುತ್ತದೆ. ಆದರೆ ಇನ್ನೊಬ್ಬಳು ‘ಎ’, ‘ಡಿ’ ತುಂಬಿ ‘ಬಿ’ಯಲ್ಲಿ ಇದೇ ಥರದ ಚುಕ್ಕೆ ಇಟ್ಟಿದ್ದರೆ? ಅದೇ ಉದಾರ ಕಣ್ಣಿನಲ್ಲಿ ನೋಡಿದರೆ ಅವಳಿಗೆ −2. ಚುಕ್ಕೆಯನ್ನು ಬಿಟ್ಟಿದ್ದರೆ ಅವಳಿಗೂ 2 ಸಿಗುತ್ತಿತ್ತು. ಯಾರೂ ಅವಳ ಚುಕ್ಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತು. ಕೀ ಉತ್ತರ ಕೈಯಲ್ಲಿ ಇಟ್ಟುಕೊಂಡು ನೋಡಿದಾಗ ಸರಿಯುತ್ತರದ ಚುಕ್ಕೆ ದೊಡ್ಡದಾಗಿ ಕಾಣುತ್ತದೆ, ತಪ್ಪುತ್ತರದ ಚುಕ್ಕೆ ಕೊಳೆಯಂತೆ ಕಾಣುತ್ತದೆ. ನೆಚ್ಚಿನ ಹುಡುಗನ ಹಾಳೆಯಲ್ಲಿ ಇದು ಇನ್ನೂ ಜೋರು.

ಆದ್ದರಿಂದ ಹಾಳೆ ಓದುವ ಕೆಲಸವನ್ನೂ ಅಂಕ ಹಾಕುವ ಕೆಲಸವನ್ನೂ ಬೇರೆ ಮಾಡಿ. ಮೊದಲ ಸುತ್ತಿನಲ್ಲಿ ಕೀ ಉತ್ತರವನ್ನು ತೆರೆಯಲೇಬೇಡಿ. ಪ್ರತಿ ಪ್ರಶ್ನೆಗೆ ಕಂಡದ್ದನ್ನು ಮಾತ್ರ ಬರೆಯಿರಿ: ಆಯ್ಕೆಯ ಅಕ್ಷರ, ಅಥವಾ ಖಾಲಿ, ಅಥವಾ ಎರಡು ತುಂಬಿದೆ, ಅಥವಾ ಕಾಣುತ್ತಿಲ್ಲ. ಚುಕ್ಕೆಗೆ ಒಂದು ಅಳತೆ ಇಟ್ಟುಕೊಳ್ಳಿ. ವೃತ್ತದ ಅರ್ಧಕ್ಕಿಂತ ಕಡಿಮೆ ಶಾಯಿ ಇದ್ದರೆ ತುಂಬಿಲ್ಲ ಎಂದು ನಾನು ಓದುತ್ತೇನೆ. ಆ ಅಳತೆಯನ್ನು ಮಕ್ಕಳಿಗೆ ಪರೀಕ್ಷೆಗೆ ಮೊದಲೇ ಹೇಳಿ. ಎಲ್ಲ ಹಾಳೆಗಳನ್ನೂ ಓದಿ ಮುಗಿಸಿದ ಮೇಲೆ ಕೀ ತೆರೆದು ಅಂಕ ಹಾಕಿ. ಆಮೇಲೆ ಫೋಟೋ ಕಡೆ ತಿರುಗಿ ನೋಡಬೇಡಿ.

ಭದ್ರಾವತಿ ವಿದ್ಯಾರ್ಥಿ

46ರ ಚುಕ್ಕೆ ಹೇಗೆ ಬಂತು ಎಂದು ನನಗೆ ಗೊತ್ತು ಮೇಡಂ, ನಾನೂ ಇಡುತ್ತೇನೆ. ‘ಎ’, ‘ಡಿ’ ಖಚಿತ, ‘ಬಿ’ ತಪ್ಪೆಂದೂ ಖಚಿತ, ‘ಸಿ’ ಅರ್ಧಂಬರ್ಧ. ಆಮೇಲೆ ನೋಡೋಣ ಎಂದು ಗುರುತಿಗೆ ಚುಕ್ಕೆ ಇಟ್ಟು ಮುಂದೆ ಹೋಗುತ್ತೇವೆ. ಆಮೇಲೆ ಲೆಕ್ಕ ಹಾಕಿ ಬಿಟ್ಟುಬಿಡುತ್ತೇವೆ. ಯಾಕೆಂದರೆ ‘ಸಿ’ ಬಿಟ್ಟರೆ, ಅದು ಸರಿಯಾಗಿದ್ದರೂ 2 ಸಿಗುತ್ತದೆ, ತಪ್ಪಾಗಿದ್ದರೆ ಪೂರ್ತಿ 4 ಸಿಗುತ್ತದೆ. ತುಂಬಿದರೆ 4 ಅಥವಾ −2. ಅರ್ಧಕ್ಕರ್ಧ ಅನುಮಾನವಿದ್ದಾಗ ಬಿಟ್ಟವನಿಗೆ ಸರಾಸರಿ 3, ತುಂಬಿದವನಿಗೆ 1. ಮುಕ್ಕಾಲು ಪಾಲು ಖಾತ್ರಿ ಇದ್ದರೆ ಮಾತ್ರ ಎರಡೂ ಸಮವಾಗುತ್ತದೆ. ಅಂದರೆ ಆ ಹುಡುಗ ‘ಸಿ’ಯನ್ನು ಬೇಕೆಂದೇ ಬಿಟ್ಟಿರಬಹುದು. ಅವನಿಗೆ 4 ಕೊಟ್ಟರೆ ಅವನು ತೆಗೆದುಕೊಳ್ಳದ ಅಪಾಯಕ್ಕೆ ಬಹುಮಾನ ಕೊಟ್ಟಂತಾಗುವುದಿಲ್ಲವೇ?

ಹಳೇ ಮೇಷ್ಟ್ರು

ಹುಡುಗ ಚೆನ್ನಾಗಿ ಹೇಳಿದ. ಆದರೂ ಉತ್ತರದ ಹಾಳೆಯ ಮೇಲೆ ಗುರುತಿನ ಚುಕ್ಕೆ ಇಡುವ ಚಾಳಿ ಬಿಡಪ್ಪ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಇಡು. ಯಂತ್ರ ಯಾವ ಚುಕ್ಕೆಯನ್ನು ಎತ್ತಿಕೊಳ್ಳುತ್ತದೆಯೋ ಯಾರಿಗೆ ಗೊತ್ತು.

ಊಹೆಯ ಲೆಕ್ಕ ಒಪ್ಪಿದೆ ಮೇಡಂ. 31ಕ್ಕೆ ಮತ್ತೆ ಫೋಟೋ ತರಿಸುವುದನ್ನು ಮಾತ್ರ ಒಪ್ಪುವುದಿಲ್ಲ. ಅಷ್ಟರೊಳಗೆ ಹುಡುಗರು ಒಬ್ಬರಿಗೊಬ್ಬರು ಕೇಳಿಕೊಂಡು ಖಾಲಿ ವೃತ್ತ ತುಂಬಿ ಕಳಿಸುವುದಿಲ್ಲ ಎಂದು ಏನು ಖಾತ್ರಿ? ‘31 ಕಾಣುತ್ತಿಲ್ಲ’ ಎಂದು ನಾವೇ ಹೇಳಿದರೆ ಅವನಿಗೆ ದಾರಿ ತೋರಿಸಿದಂತೆ.

ಮೌಲ್ಯಮಾಪಕಿ (ಶಿವಮೊಗ್ಗ)

ಆ ಭಯ ನ್ಯಾಯವಾದದ್ದೇ. ಯಾವ ಪ್ರಶ್ನೆ ಎಂದು ಹೇಳಬೇಡಿ, ‘ಹಾಳೆಯನ್ನು ಪೂರ್ತಿ ಮತ್ತೊಮ್ಮೆ ಕಳಿಸು’ ಎಂದಷ್ಟೇ ಹೇಳಿ. ಎಲ್ಲರ ಮರುಫೋಟೋ ಬರುವವರೆಗೆ ಕೀ ಉತ್ತರ ಹೊರಗೆ ಬಿಡಬೇಡಿ. ಎರಡನೆಯ ಫೋಟೋದಲ್ಲಿ ಅನುಮಾನವಿದ್ದ ಪ್ರಶ್ನೆಯನ್ನು ಮಾತ್ರ ಓದಿ, ಉಳಿದ ಉತ್ತರಗಳು ಮೊದಲ ಫೋಟೋದಲ್ಲಿದ್ದಂತೆಯೇ ನಿಲ್ಲಲಿ. ಜೊತೆಗೆ ಮೊದಲ ಫೋಟೋದಲ್ಲಿ ಸ್ವಚ್ಛವಾಗಿ ಖಾಲಿ ಇದ್ದ ಸಾಲುಗಳನ್ನು ಎರಡನೆಯದರೊಂದಿಗೆ ಹೋಲಿಸಿ. ಆಮೇಲೆ ತುಂಬುವ ಬುದ್ಧಿ ಇದ್ದವನು ಅಲ್ಲಿಯೂ ಕೈ ಆಡಿಸಿರುತ್ತಾನೆ, ಖಾಲಿ ಇದ್ದದ್ದು ತುಂಬಿದ್ದರೆ ಎರಡನೆಯ ಫೋಟೋವನ್ನೇ ತಳ್ಳಿಹಾಕಿ.

ಸ್ಕ್ಯಾನರ್ ಸಾಗರ

ಇಷ್ಟೆಲ್ಲ ಯಾಕೆ, ಮೊಬೈಲ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿಸಿ. ವೃತ್ತ ಎಷ್ಟು ಕಪ್ಪಾಗಿದೆ ಎಂದು ಅದೇ ಅಳೆದು ಹೇಳುತ್ತದೆ. ನಾವು ಹಾಗೆಯೇ ಮಾಡುತ್ತೇವೆ. ಮನುಷ್ಯರ ಪಕ್ಷಪಾತದ ಮಾತೇ ಇಲ್ಲ.

ತುಂಗಾತೀರ (ತೀರ್ಥಹಳ್ಳಿ)

ಮಾಡಿ ನೋಡಿದ್ದೇವೆ ಸರ್. ನೇರವಾಗಿ, ಸಮ ಬೆಳಕಿನಲ್ಲಿ ತೆಗೆದ ಫೋಟೋಗೆ ಚೆನ್ನಾಗಿದೆ. ನಮ್ಮ ಹಾಳೆಗಳು ಜೆರಾಕ್ಸಿನ ಜೆರಾಕ್ಸ್. ವೃತ್ತದ ಒಳಗಿನ ‘ಬಿ’ ಅಕ್ಷರವೇ ಹರಡಿಕೊಂಡು ದಪ್ಪವಾಗಿದೆ, ‘ಸಿ’ ಅಷ್ಟಿಲ್ಲ. ಹಾಳೆಯ ಒಂದು ಮೂಲೆ ಕತ್ತಲಾಗಿದ್ದರೆ ಅಲ್ಲಿಯ ಖಾಲಿ ‘ಬಿ’ಯೂ ತುಂಬಿದ್ದೆಂದು ಬರುತ್ತದೆ. ಸಾಲದ್ದಕ್ಕೆ ತುಂಬಿದ ವೃತ್ತದ ಮೇಲೆ ಫ್ಲ್ಯಾಶ್ ಬೆಳಕು ಹೊಳೆದರೆ ಅದು ಖಾಲಿ ಎನ್ನುತ್ತದೆ. ಮಳೆಗಾಲದ ತೇವಕ್ಕೆ ಹಾಳೆ ಬೇರೆ ಮುದುರಿರುತ್ತದೆ, ಸಾಲುಗಳು ಬಾಗಿ ಒಂದರ ಉತ್ತರ ಇನ್ನೊಂದಕ್ಕೆ ಹೋಗುತ್ತದೆ.

ಸ್ಕ್ಯಾನರ್ ಸಾಗರ

ಮೂಲ ಪ್ರತಿಯಿಂದಲೇ ಮುದ್ರಿಸಿ, ವೃತ್ತದೊಳಗಿನ ಅಕ್ಷರವನ್ನು ತಿಳಿ ಬೂದು ಬಣ್ಣಕ್ಕೆ ಇಳಿಸಿ. ನಮ್ಮಲ್ಲಿ ಅಕ್ಷರವನ್ನು ವೃತ್ತದ ಹೊರಗೇ ಇಟ್ಟಿದ್ದೇವೆ, ತೊಂದರೆ ಬಂದಿಲ್ಲ. ಇನ್ನೊಂದು, ಫೋಟೋವನ್ನು ವಾಟ್ಸ್ಆ್ಯಪಿನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಅದು ಕುಗ್ಗುವುದಿಲ್ಲ. ನಿಮ್ಮ 31 ಮೂಲ ಚಿತ್ರದಲ್ಲಿ ಕಾಣಲೂಬಹುದು.

ಹೊಸನಗರದ ತಂದೆ

ಡಾಕ್ಯುಮೆಂಟ್ ಆಗಿ ಕಳಿಸಿದರೆ ನಮ್ಮ ನೆಟ್‌ವರ್ಕಿನಲ್ಲಿ ಅದು ಸುತ್ತುತ್ತಲೇ ಇರುತ್ತದೆ. ನಿಮಗೆ ಸುಲಭ, ಹೇಳಿಬಿಟ್ಟಿರಿ.

ಮೌಲ್ಯಮಾಪಕಿ (ಶಿವಮೊಗ್ಗ)

ಅವರ ಮಾತು ನಿಜ. ಅಂಥವರಿಗೆ ಪೂರ್ತಿ ಹಾಳೆಯ ಬದಲು ಮೇಲರ್ಧ, ಕೆಳಅರ್ಧ ಎಂದು ಎರಡು ಸಾಮಾನ್ಯ ಫೋಟೋ ಕಳಿಸಲು ಹೇಳಿ. ವೃತ್ತಗಳು ದೊಡ್ಡದಾಗಿ ಬರುತ್ತವೆ, ಡೇಟಾವೂ ಕಡಿಮೆ ಸಾಕು. ನಡುವಿನ ಎರಡು ಮೂರು ಸಾಲುಗಳು ಎರಡರಲ್ಲೂ ಬಂದಿರಲಿ, ಇಲ್ಲವಾದರೆ ಒಂದು ಸಾಲು ನಡುವೆಯೇ ಕಾಣೆಯಾಗುತ್ತದೆ.

ಮುದುರಿದ ಹಾಳೆಯಲ್ಲಿ ಸಾಲು ತಪ್ಪುವುದು ಕಣ್ಣಿಗೂ ಆಗುತ್ತದೆ. ಹತ್ತು ಪ್ರಶ್ನೆಗೊಮ್ಮೆ ನಿಂತು, ಓದಿದ ಉತ್ತರಗಳೂ ಖಾಲಿಗಳೂ ಅನುಮಾನಗಳೂ ಸೇರಿ ಹತ್ತು ಆದವೇ ಎಂದು ನೋಡಿ. ಒಬ್ಬ ಜಾಣ ಹುಡುಗನ ಹಾಳೆಯಲ್ಲಿ ಇದ್ದಕ್ಕಿದ್ದಂತೆ ಸಾಲಾಗಿ ಐದಾರು ತಪ್ಪು ಬಂದರೆ ಅವನನ್ನು ಬೈಯುವ ಮೊದಲು ಸಾಲು ಜಾರಿದೆಯೇ ಎಂದು ನೋಡಿ. ಜಾರಿದ್ದು ನಿಮ್ಮ ಕಣ್ಣಾದರೆ ತಿದ್ದಿ. ಹಾಳೆಯ ಮೇಲೆ ಅವನೇ ಒಂದು ಸಾಲು ಕೆಳಗೆ ತುಂಬಿದ್ದರೆ ಅಂಕ ಹೋಯಿತು, ಅದನ್ನು ತಿದ್ದಿ ಕೊಡಬೇಡಿ.

ಅಡಿಕೆತೋಟ

ಭಾಗಶಃ ಅಂಕವನ್ನು ಇನ್ನೂ ಸರಳ ಮಾಡಬಹುದಲ್ಲ? ಸರಿಯಾಗಿ ಗುರುತಿಸಿದ ಪ್ರತಿ ಆಯ್ಕೆಗೂ ಅಂಕ ಕೊಡಿ, ತಪ್ಪನ್ನು ಲೆಕ್ಕಿಸಬೇಡಿ. ಮಕ್ಕಳಿಗೂ ಧೈರ್ಯ ಬರುತ್ತದೆ.

ಭದ್ರಾವತಿ ವಿದ್ಯಾರ್ಥಿ

ಹಾಗಾದರೆ ಹತ್ತೂ ಪ್ರಶ್ನೆಗಳಲ್ಲಿ ನಾಲ್ಕೂ ವೃತ್ತ ತುಂಬಿ ಪೂರ್ಣ ಅಂಕ ತೆಗೆದುಕೊಂಡು ಮನೆಗೆ ಹೋಗುತ್ತೇನೆ ಸರ್. ಪ್ರಶ್ನೆ ಓದುವ ಕೆಲಸವೂ ಉಳಿಯಿತು.

ಅಡಿಕೆತೋಟ

ಅದೂ ಹೌದು.

ತುಂಗಾತೀರ (ತೀರ್ಥಹಳ್ಳಿ)

ಮೇಡಂ ಹೇಳಿದಂತೆ ಮಾಡಿದೆವು. ಅಂಕ ಹಾಕುವ ಮೊದಲು, ಅನುಮಾನದ ಮೂರರಿಂದ ಎಷ್ಟು ವ್ಯತ್ಯಾಸ ಬರಬಹುದು ಎಂದು ಲೆಕ್ಕ ಹಾಕಿದೆ. ಖಚಿತವಾದದ್ದು: ಮೊದಲ ಭಾಗದಲ್ಲಿ 27 ಸರಿಗೆ 108, 8 ತಪ್ಪಿಗೆ −8, ಉಳಿದದ್ದು 100. ಎರಡನೆಯ ಭಾಗದಲ್ಲಿ 16, 2, 1 ಸೇರಿ 19, ಎರಡು ತಪ್ಪಿಗೆ −4, ಉಳಿದದ್ದು 15. ಒಟ್ಟು 115. ಮೂರನ್ನೂ ಬಿಗಿಯಾಗಿ ನೋಡಿದರೆ −1, −1, 2 ಸೇರಿ ಸೊನ್ನೆ, ಅಂದರೆ 115 ಹಾಗೆಯೇ ಉಳಿಯುತ್ತದೆ. ಮೂರನ್ನೂ ಪೂರ್ತಿ ಅವನ ಕಡೆಗೆ ಓದಿದರೆ 127. ಮೂರು ವೃತ್ತಗಳ ಮೇಲೆ 12 ಅಂಕಗಳ ಅಂತರ! ನಮ್ಮ ಪಟ್ಟಿಯಲ್ಲಿ ಅಷ್ಟರೊಳಗೆ ಐದಾರು ಮಕ್ಕಳು ಬರುತ್ತಾರೆ.

ಮರುಫೋಟೋದಲ್ಲಿ ಹೆಬ್ಬೆರಳಿಲ್ಲ. 31ರಲ್ಲಿ ‘ಸಿ’ ಒಂದೇ ತುಂಬಿದೆ, ‘ಡಿ’ ಖಾಲಿ. ಮೊದಲು ಖಾಲಿ ಇದ್ದ ಸಾಲುಗಳು ಈಗಲೂ ಖಾಲಿ ಇವೆ. ಕೀ ತೆರೆದರೆ ‘ಸಿ’ಯೇ ಸರಿ, 4 ಅಂಕ. 17ಕ್ಕೆ −1. 46ರ ಚುಕ್ಕೆ ಅರ್ಧಕ್ಕಿಂತ ಬಹಳ ಕಡಿಮೆ, 2 ಅಂಕ. ಒಟ್ಟು 120.

17ರ ಬಗ್ಗೆ ಹುಡುಗನಿಗೆ ಫೋನ್ ಮಾಡಿದೆ. ‘ಮೊದಲು ತುಂಬಿದ್ದು ತಪ್ಪು ಎಂದು ಗೊತ್ತಾಗಿ ತಿದ್ದಿದೆ ಸರ್’ ಎಂದ. ‘ತಿದ್ದದೆ ಬಿಟ್ಟಿದ್ದರೂ −1, ತಿದ್ದಿದರೂ −1, ಆ ಹೊತ್ತನ್ನು ಮುಂದಿನ ಪ್ರಶ್ನೆಗೆ ಕೊಡು’ ಎಂದೆ. ಅವನಿಗೆ ಕಳುಹಿಸಿದ ಹಾಳೆಯಲ್ಲಿ 17ರ ಪಕ್ಕ ‘ತಿಳಿದಿತ್ತು, ತುಂಬುವಾಗ ತಪ್ಪಿದೆ’ ಎಂದು ಬರೆದಿದ್ದೇನೆ. ಅಂಕ ಬದಲಾಗಿಲ್ಲ.

ಹಳೇ ಮೇಷ್ಟ್ರು

ಟಿಪ್ಪಣಿ ಬರೆದದ್ದು ಸರಿ. ಆದರೆ ‘ಅರ್ಧ ವೃತ್ತ’ದ ಅಳತೆ ನನಗೆ ಹಿಡಿಸಲಿಲ್ಲ. ನಿಜವಾಗಿ ಅರ್ಧಕ್ಕೆ ತುಂಬಿದ್ದು ಬಂದಾಗ ನೀವಿಬ್ಬರೂ ಮತ್ತೆ ಜಗಳವಾಡುತ್ತೀರಿ. ಪೂರ್ತಿ ತುಂಬಿದ್ದು ಮಾತ್ರ ಲೆಕ್ಕ ಎನ್ನಿ, ಮುಗಿಯಿತು.

ಮೌಲ್ಯಮಾಪಕಿ (ಶಿವಮೊಗ್ಗ)

ಪೂರ್ತಿ ತುಂಬಿದ್ದು ಮಾತ್ರ ಎಂದರೆ, ತಪ್ಪುತ್ತರವನ್ನು ಮುಕ್ಕಾಲು ತುಂಬಿದವನು ಮೈನಸ್ಸಿನಿಂದ ಪಾರಾಗುತ್ತಾನೆ. ಅದನ್ನು ಕಂಡುಕೊಂಡವರು ಎಲ್ಲವನ್ನೂ ಮುಕ್ಕಾಲು ತುಂಬಿ, ಆಮೇಲೆ ವಾದಕ್ಕೆ ಬರುತ್ತಾರೆ. ಗಡಿಯ ಮೇಲಿನದಕ್ಕೆ ಇಬ್ಬರು ಬೇರೆ ಬೇರೆ ಕುಳಿತು ಓದಲಿ, ಇಬ್ಬರೂ ತುಂಬಿದೆ ಎಂದರೆ ಮಾತ್ರ ತುಂಬಿದೆ.

ಹಳೇ ಮೇಷ್ಟ್ರು

ಒಪ್ಪಿಲ್ಲ. ಮುಂದಿನ ಪರೀಕ್ಷೆಯ ಹಾಳೆಗಳು ಬರಲಿ, ನಾನೂ ಒಂದು ಕಟ್ಟು ಓದಿ ನೋಡುತ್ತೇನೆ.

ತುಂಗಾತೀರ (ತೀರ್ಥಹಳ್ಳಿ)

ಕಳಿಸುತ್ತೇನೆ ಮೇಷ್ಟ್ರೇ, ಕೀ ಉತ್ತರ ಇಲ್ಲದೆ. ಹೊಸನಗರದವರೇ, ಮರುಫೋಟೋಗೆ ಸೋಮವಾರ ಸಂಜೆಯವರೆಗೆ ಸಮಯ ಇಡೋಣ ಎಂದುಕೊಂಡಿದ್ದೇವೆ. ಮಗಳು ಕಾಲೇಜಿಗೆ ಬಂದಾಗ ನೆಟ್‌ವರ್ಕ್ ಸಿಗುತ್ತದೆಯಲ್ಲ?

ಹೊಸನಗರದ ತಂದೆ

ಕಾಲೇಜಿನ ಹತ್ತಿರ ಸಿಗುತ್ತದೆ. ಜೋರು ಮಳೆಗೆ ರಜೆ ಕೊಟ್ಟರೆ ಮಂಗಳವಾರವಾಗುತ್ತದೆ.